ಗ್ಯಾಸಿನ ಗುಳಿಗೆ, ನಿಂತ ಮುಟ್ಟು, ಒಸರುವ ಹಾಲು

ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ 29 ವರ್ಷದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಇವಳು ಯಾವುದೋ ಒಬ್ಬ ನಿಜವ್ಯಕ್ತಿಯಲ್ಲ. ಆದರೆ ಇವಳ ಕಥೆಯ ಒಂದೊಂದು ತುಣುಕೂ ಹಾರ್ಮೋನು ವೈದ್ಯರಿಗೆ ಚೆನ್ನಾಗಿ ಪರಿಚಯವಿರುವಂಥದ್ದು. ಒಂದು ಮಗು ಇದೆ, ಅದಕ್ಕೆ ಆರು ವರ್ಷ. ಹಾಲು ಬಿಡಿಸಿ ನಾಲ್ಕು ವರ್ಷದ ಮೇಲಾಯಿತು. ಮುಟ್ಟು ಯಾವತ್ತೂ ತಪ್ಪಿದವಳಲ್ಲ. ಒಂದೆರಡು ದಿನ ಹಿಂದೆಮುಂದೆ ಆಗಬಹುದು, ಅಷ್ಟೆ. ಅಂಥವಳಿಗೆ ಒಂದು ತಿಂಗಳು ಮುಟ್ಟು ಹತ್ತು ದಿನ ತಡವಾಯಿತು, ಮುಂದಿನ ಸಲ ಇಪ್ಪತ್ತೈದು ದಿನ, ಆಮೇಲೆ ನಿಂತೇಬಿಟ್ಟಿತು. ಬಸಿರೇನೋ ಎಂದು ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಂಡಳು. ಒಂದೇ ಗೆರೆ ಬಂತು. ಮತ್ತೊಂದು ವಾರ ಬಿಟ್ಟು ನೋಡಿದರೂ ಅದೇ. ಅಷ್ಟರಲ್ಲಿ ಒಂದು ಬೆಳಿಗ್ಗೆ ರವಿಕೆಯ ಮುಂಭಾಗ ಒದ್ದೆಯಾಗಿ, ಒಣಗಿದ ಮೇಲೆ ಬಿಳಿಯ ಕಲೆಯಾಗಿ ಕಂಡಿತು. ಮೊಲೆಯನ್ನು ಮೆಲ್ಲಗೆ ಒತ್ತಿದರೆ ಎರಡೂ ಕಡೆ ಹಾಲು.

ಬಸಿರಿಲ್ಲ, ಬಾಣಂತನವಿಲ್ಲ, ಹಾಲು ಮಾತ್ರ ಇದೆ. ಇದನ್ನು ಗಂಡನಿಗೆ ಹೇಳುವುದಕ್ಕೇ ಅವಳಿಗೆ ಹದಿನೈದು ದಿನ ಹಿಡಿಯಿತು. ಮೊದಲು ತೋರಿಸಿದ ಕಡೆ ಹೊಟ್ಟೆಯ ಸ್ಕ್ಯಾನ್ ಆಯಿತು, ‘ಪಿಸಿಓಡಿ ಇರಬಹುದು’ ಎಂಬ ಮಾತೂ ಬಂತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಅಳೆದರೆ 112 ಬಂತು. ಬಸುರಿಯೂ ಬಾಣಂತಿಯೂ ಅಲ್ಲದ ಹೆಂಗಸಿನಲ್ಲಿ ಅದು ಒಂದು ಮಿಲಿಲೀಟರ್ ರಕ್ತದ್ರವಕ್ಕೆ ಸುಮಾರು 25 ನ್ಯಾನೋಗ್ರಾಂ ಒಳಗಿರಬೇಕು. ‘ತಲೆಯಲ್ಲಿ ಗಡ್ಡೆ ಇದೆಯೇನೋ, ಎಂಆರ್‌ಐ ಮಾಡಿಸಿ’ ಎಂದರು. ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಎಂಆರ್‌ಐಗೆ ಮೊದಲು ಇನ್ನೊಬ್ಬ ವೈದ್ಯೆಯನ್ನು ನೋಡಿದ್ದು ಒಳ್ಳೆಯದಾಯಿತು. ಆಕೆ ಚೀಟಿಗಳನ್ನೆಲ್ಲ ಓದಿ ಪಕ್ಕಕ್ಕಿಟ್ಟು ಕೇಳಿದರು: “ದಿನಾ ಮತ್ಯಾವ ಗುಳಿಗಿ ತಗೋತೀಯವ್ವಾ?”

“ಏನೂ ಇಲ್ರಿ.”

“ಸಕ್ಕರಿ, ಬಿಪಿ, ನಿದ್ದಿಗೆ, ಹೊಟ್ಟಿಗೆ?”

“ಗ್ಯಾಸಿಂದೊಂದು ಗುಳಿಗಿ ಐತ್ರಿ, ಅಷ್ಟ. ಮುಂಜಾನೆ ಖಾಲಿ ಹೊಟ್ಟಿಗೆ.”

“ಎಷ್ಟ ದಿನದಿಂದ?”

“ಐದಾರು ತಿಂಗಳಾತ್ರಿ. ಅದೇನು ಔಷಧ ಅಲ್ಬಿಡ್ರಿ, ಎಲ್ಲಾರೂ ತಗೋತಾರ.”

ಕೈಚೀಲದಿಂದ ಸ್ಟ್ರಿಪ್ ಹೊರಬಂತು. ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರಿಟ್ಟ ಔಷಧ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಎರಡು ಹೆಸರು: ರಾಬೆಪ್ರಜೋಲ್ 20 ಮಿಲಿಗ್ರಾಂ, ಲೆವೋಸಲ್ಪಿರೈಡ್ 75 ಮಿಲಿಗ್ರಾಂ. ಮೊದಲನೆಯದು ಹೊಟ್ಟೆಯ ಆಮ್ಲ ಕಡಿಮೆ ಮಾಡುವುದು, ಅದರ ಮೇಲೆ ದೂರೇನೂ ಇಲ್ಲ. ಈ ಮನೆಯ ನಿದ್ದೆ ಕೆಡಿಸಿದ್ದು ಎರಡನೆಯದು.

ಹೊಟ್ಟೆಯುಬ್ಬರಕ್ಕೆ ನುಂಗಿದ ಗುಳಿಗೆ ಮೊಲೆಯಲ್ಲಿ ಹಾಲು ತರಿಸುವುದು ಹೇಗೆ ಎಂಬುದು ತಿಳಿಯಬೇಕಾದರೆ ತಲೆಬುರುಡೆಯ ತಳಕ್ಕೆ ಹೋಗಬೇಕು. ಮೂಗಿನ ಹಿಂದೆ, ಎರಡು ಕಣ್ಣಿನ ನರಗಳು ಸೇರಿ ಅಡ್ಡಹಾಯುವ ಜಾಗದ ಸ್ವಲ್ಪ ಕೆಳಗೆ, ಮೂಳೆಯ ಒಂದು ಪುಟ್ಟ ಗುಂಡಿಯಲ್ಲಿ ಬಟಾಣಿಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ಕೂತಿದೆ. ಮೇಲಿರುವ ಮಿದುಳಿನ ಭಾಗ ಹೈಪೋಥಲಾಮಸ್. ಎರಡಕ್ಕೂ ನಡುವೆ ಒಂದು ತೆಳ್ಳನೆಯ ತೊಟ್ಟು, ಅದರೊಳಗೆ ಸಣ್ಣ ರಕ್ತನಾಳಗಳು. ಹೈಪೋಥಲಾಮಸ್ಸಿನ ಅಪ್ಪಣೆಗಳು ಈ ನಾಳಗಳ ಮೂಲಕ ಕೆಳಗಿಳಿಯುತ್ತವೆ. ಥೈರಾಯ್ಡನ್ನು ನಡೆಸುವ ಹಾರ್ಮೋನು, ಅಂಡಾಶಯವನ್ನು ನಡೆಸುವ ಹಾರ್ಮೋನು, ಬೆಳವಣಿಗೆಯ ಹಾರ್ಮೋನು ಇವೆಲ್ಲ ಮೇಲಿನಿಂದ ‘ಸುರಿಸು’ ಎಂಬ ಅಪ್ಪಣೆ ಬಂದರೆ ಸುರಿಯುತ್ತವೆ, ಬರದಿದ್ದರೆ ಸುಮ್ಮನಿರುತ್ತವೆ.

ಪ್ರೊಲ್ಯಾಕ್ಟಿನ್ನಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದನ್ನು ಮಾಡುವ ಜೀವಕೋಶಗಳು ತಮ್ಮಷ್ಟಕ್ಕೆ ಬಿಟ್ಟರೆ ಸದಾ ಸುರಿಸುತ್ತಲೇ ಇರುತ್ತವೆ. ಕೆರೆಯ ನೀರಿಗೆ ಹರಿಯಲು ಯಾರೂ ಹೇಳಬೇಕಿಲ್ಲ, ತೂಬಿಗೆ ಮುಚ್ಚಳ ಇರುವುದರಿಂದ ಅದು ನಿಂತಿರುತ್ತದೆ, ಅಷ್ಟೆ. ಪ್ರೊಲ್ಯಾಕ್ಟಿನ್ನಿನ ತೂಬಿಗೆ ಆ ಮುಚ್ಚಳವೇ ಡೋಪಮೈನ್. ಹೈಪೋಥಲಾಮಸ್ಸಿನಿಂದ ಹನಿಹನಿಯಾಗಿ ಇಳಿದು ಬಂದು, ಪಿಟ್ಯುಟರಿಯ ಜೀವಕೋಶಗಳ ಮೇಲಿರುವ ಗ್ರಾಹಿಗಳಿಗೆ ಅಂಟಿಕೊಂಡು, ಹಗಲೂ ರಾತ್ರಿ ಅವುಗಳ ಬಾಯಿ ಮುಚ್ಚಿಸಿರುತ್ತದೆ. ಪ್ರಾಣಿಗಳಲ್ಲಿ ಪಿಟ್ಯುಟರಿಯನ್ನು ಮಿದುಳಿನಿಂದ ಬೇರ್ಪಡಿಸಿ ದೇಹದ ಬೇರೊಂದು ಕಡೆ ನೆಟ್ಟಾಗ ಉಳಿದ ಹಾರ್ಮೋನುಗಳೆಲ್ಲ ಕುಸಿದವು, ಪ್ರೊಲ್ಯಾಕ್ಟಿನ್ ಒಂದೇ ಏರಿತು.

ಪ್ರೊಲ್ಯಾಕ್ಟಿನ್ ಏಕೆ ಏರಿತು ಎಂದು ಹುಡುಕುವಾಗ ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಕಾರಣಗಳ ಉದ್ದ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಡೋಪಮೈನ್ ಕಡಿಮೆಯಾಯಿತೇ, ಅದು ಇಳಿದು ಬರುವ ದಾರಿ ಅದುಮಿಹೋಯಿತೇ, ಅದು ಕೂರಬೇಕಾದ ಗ್ರಾಹಿಯಲ್ಲಿ ಬೇರೇನೋ ಕೂತಿದೆಯೇ, ಇಲ್ಲವೇ ಡೋಪಮೈನಿಗೆ ಬಗ್ಗದಷ್ಟು ಜೀವಕೋಶಗಳೇ ಹೆಚ್ಚಾದವೇ? ಹೆಚ್ಚಿನ ಕಾರಣಗಳು ಈ ನಾಲ್ಕು ಪ್ರಶ್ನೆಗಳೊಳಗೇ ಸಿಗುತ್ತವೆ.

ನಮ್ಮ ಹುಬ್ಬಳ್ಳಿಯ ಹೆಣ್ಣುಮಗಳದ್ದು ಮೂರನೆಯದು. ಲೆವೋಸಲ್ಪಿರೈಡ್ ಡೋಪಮೈನಿನ ಗ್ರಾಹಿಗೆ ಹೋಗಿ ಕೂರುತ್ತದೆ, ಆದರೆ ಡೋಪಮೈನಿನ ಕೆಲಸ ಮಾಡುವುದಿಲ್ಲ. ಜಾಗ ಹಿಡಿದುಕೊಳ್ಳುತ್ತದೆ, ಅಷ್ಟೇ. ಜಠರದ ಗೋಡೆಯಲ್ಲೂ ಇಂಥ ಗ್ರಾಹಿಗಳಿವೆ. ಅಲ್ಲಿ ಡೋಪಮೈನ್ ಜಠರದ ಚಲನೆಯನ್ನು ನಿಧಾನಿಸುತ್ತದೆ. ಅದನ್ನು ತಡೆದರೆ ಜಠರ ಬೇಗ ಬರಿದಾಗುತ್ತದೆ, ಉಬ್ಬರ ತೇಗು ಕಡಿಮೆಯಾಗುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಡೊಂಪೆರಿಡೋನ್ ಕೂಡ ಇದೇ ಬಳಗದವು. ಪ್ಯಾಂಟೊಪ್ರಜೋಲಿನ ಜೊತೆ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲ್‌ಗಳು ನಮ್ಮ ಊರುಕೇರಿಯ ಮೆಡಿಕಲ್ ಶಾಪುಗಳಲ್ಲಿ ಚಾಕಲೇಟಿನಷ್ಟು ಸಲೀಸಾಗಿ ಸಿಗುತ್ತವೆ. ಡೊಂಪೆರಿಡೋನಾಗಲಿ ಲೆವೋಸಲ್ಪಿರೈಡಾಗಲಿ ಅಮೆರಿಕದ ಔಷಧ ನಿಯಂತ್ರಕರ ಅನುಮೋದನೆ ಪಡೆದಿಲ್ಲ. ಹಾಗಾಗಿ ಅಲ್ಲಿಯ ಬರಹಗಳನ್ನೇ ಓದುವವರಿಗೆ ಲೆವೋಸಲ್ಪಿರೈಡಿನ ಹೆಸರು ಕಾಣುವುದೇ ಅಪರೂಪ. ನಮ್ಮಲ್ಲಿ ಮಾತ್ರ ಮೊದಲು ಕೇಳಬೇಕಾದ ಹೆಸರು ಅದು.

ಇದರಲ್ಲೊಂದು ಸ್ವಾರಸ್ಯವಿದೆ. ಡೊಂಪೆರಿಡೋನಿನ ಹೆಗ್ಗಳಿಕೆಯೇ ಅದು ಮಿದುಳಿಗೆ ಅಷ್ಟಾಗಿ ನುಗ್ಗುವುದಿಲ್ಲ ಎಂಬುದು. ರಕ್ತದಲ್ಲಿ ಬಂದದ್ದನ್ನೆಲ್ಲ ಒಳಗೆ ಬಿಡದ ಕಟ್ಟುನಿಟ್ಟಿನ ತಡೆ ಮಿದುಳಿನ ರಕ್ತನಾಳಗಳಿಗಿದೆ. ಆ ಕಾರಣಕ್ಕೆ ಅದರಿಂದ ಮಂಪರು, ಕೈಕಾಲು ಬಿಗಿತ ಕಡಿಮೆ. ಆದರೆ ಪಿಟ್ಯುಟರಿ ಆ ತಡೆಯ ಹೊರಗಿದೆ. ಮಿದುಳು ತಪ್ಪಿಸಿಕೊಂಡ ಔಷಧಕ್ಕೆ ಪಿಟ್ಯುಟರಿ ನೇರವಾಗಿ ಸಿಕ್ಕಿಬೀಳುತ್ತದೆ. ಹಾಲು ಸಾಲದ ಬಾಣಂತಿಯರಿಗೆ ಕೆಲವು ವೈದ್ಯರು ಡೊಂಪೆರಿಡೋನನ್ನೇ ಕೊಡುವುದುಂಟು. ಅಲ್ಲಿ ಬೇಕೆಂದು ಪಡೆಯುವ ಫಲವೇ ಇಲ್ಲಿ ಬೇಡದೆ ಬಂದಿದೆ. ಗಂಡಸರಿಗಿಂತ ಹೆಂಗಸರಲ್ಲಿ ಈ ಏರಿಕೆ ಜೋರು, ಏಕೆಂದರೆ ಈಸ್ಟ್ರೋಜನ್ ಪ್ರೊಲ್ಯಾಕ್ಟಿನ್ ಜೀವಕೋಶಗಳನ್ನು ಹುರಿದುಂಬಿಸುತ್ತದೆ.

ಇನ್ನು ಮುಟ್ಟಿನ ವಿಷಯ. ಹಾಲಿಗೂ ಮುಟ್ಟಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ನಮ್ಮ ಅಜ್ಜಿಯಂದಿರು ಉತ್ತರ ಕೊಡಬಲ್ಲರು. ಮಗುವಿಗೆ ಬರೀ ಎದೆಹಾಲು ಕೊಡುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಗು ಮೊಲೆತೊಟ್ಟು ಚೀಪುವಾಗ ಅಲ್ಲಿಂದ ಹೊರಟ ನರದ ಸುದ್ದಿ ಬೆನ್ನುಹುರಿಯಲ್ಲಿ ಏರಿ ಹೈಪೋಥಲಾಮಸ್ ತಲುಪಿ ಡೋಪಮೈನ್ ಸುರಿತವನ್ನು ತಗ್ಗಿಸುತ್ತದೆ. ಪ್ರೊಲ್ಯಾಕ್ಟಿನ್ ಏರುತ್ತದೆ, ಹಾಲು ತುಂಬುತ್ತದೆ, ಮುಂದಿನ ಬಸಿರು ಮುಂದಕ್ಕೆ ಹೋಗುತ್ತದೆ. ಕೈಕೂಸು ಇರುವಾಗ ಇನ್ನೊಂದು ಹೊಟ್ಟೆಯಲ್ಲಿ ಬೆಳೆಯದಿರಲೆಂದು ದೇಹ ಮಾಡಿಕೊಂಡ ವ್ಯವಸ್ಥೆ ಇದು. ಕೂಸೇ ಇಲ್ಲದ ಕಡೆ ಅದೇ ವ್ಯವಸ್ಥೆ ತಪ್ಪಾಗಿ ಚಾಲೂ ಆದರೆ ಅದಕ್ಕೆ ಕಾಯಿಲೆ ಎನ್ನುತ್ತೇವೆ.

ತಡೆ ಬೀಳುವುದು ಗರ್ಭಕೋಶದಲ್ಲಲ್ಲ, ಮೇಲೆಯೇ. ಹೈಪೋಥಲಾಮಸ್ ಸುಮಾರು ಒಂದೂವರೆ ಗಂಟೆಗೊಮ್ಮೆ ಒಂದು ಚಿಮ್ಮಿನಂತೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಈ ಚಿಮ್ಮುಗಳ ಲಯವೇ ಮುಟ್ಟಿನ ಮೂಲ. ಲಯ ಸರಿಯಿದ್ದರೆ ಪಿಟ್ಯುಟರಿ ಅಂಡಾಶಯಕ್ಕೆ ಹಾರ್ಮೋನು ಕಳಿಸುತ್ತದೆ, ಅಂಡಾಣು ಬಲಿಯುತ್ತದೆ, ಈಸ್ಟ್ರೋಜನ್ ಏರುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಬಸಿರು ನಿಲ್ಲದಿದ್ದರೆ ಆ ಪದರ ಕಳಚಿ ಮುಟ್ಟಾಗುತ್ತದೆ. ಈ ಚಿಮ್ಮನ್ನು ನಡೆಸುವುದು ಕಿಸ್‌ಪೆಪ್ಟಿನ್ ಎಂಬ ವಸ್ತುವನ್ನು ಬಿಡುವ ನರಕೋಶಗಳು. ಏರಿದ ಪ್ರೊಲ್ಯಾಕ್ಟಿನ್ ಹೋಗಿ ಆ ನರಕೋಶಗಳ ಸದ್ದಡಗಿಸುತ್ತದೆ. ಚಿಮ್ಮುಗಳು ವಿರಳವಾಗುತ್ತವೆ, ಮಿಕ್ಕದ್ದೆಲ್ಲ ಒಂದರ ಹಿಂದೊಂದು ನಿಲ್ಲುತ್ತದೆ.

ಎಲ್ಲರಿಗೂ ಒಮ್ಮೆಲೇ ಮುಟ್ಟು ನಿಲ್ಲುವುದಿಲ್ಲ. ಪ್ರೊಲ್ಯಾಕ್ಟಿನ್ ಸ್ವಲ್ಪವೇ ಏರಿದಾಗ ಮುಟ್ಟು ತಿಂಗಳಿಗೆ ಸರಿಯಾಗಿಯೇ ಆಗುತ್ತಿದ್ದು, ಬಸಿರು ಮಾತ್ರ ನಿಲ್ಲದೆ ಹೋಗಬಹುದು. ಇನ್ನೂ ಏರಿದರೆ ಮುಟ್ಟು ಅಂತರ ತಪ್ಪುತ್ತದೆ. ನೂರು ದಾಟಿದರೆ ಸಾಮಾನ್ಯವಾಗಿ ನಿಂತೇಹೋಗುತ್ತದೆ. ‘ಮುಟ್ಟಿಲ್ಲದಿದ್ದರೆ ಒಳ್ಳೆಯದೇ, ತಲೆನೋವಿಲ್ಲ’ ಎಂದು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ತೊಂದರೆ ಇರುವುದು ಮುಟ್ಟು ನಿಂತದ್ದರಲ್ಲಿ ಅಲ್ಲ, ಅದರ ಹಿಂದೆ ಈಸ್ಟ್ರೋಜನ್ ಕುಸಿದದ್ದರಲ್ಲಿ. ಮುವ್ವತ್ತರ ಹೆಂಗಸಿನ ಮೂಳೆ ಐವತ್ತು ದಾಟಿದವರ ಮೂಳೆಯಂತೆ ಸವೆಯತೊಡಗುತ್ತದೆ. ಯೋನಿ ಒಣಗಿ ಕೂಡುವಾಗ ನೋವಾಗುತ್ತದೆ, ಆಸೆ ಬತ್ತುತ್ತದೆ. ಇವನ್ನು ವೈದ್ಯರ ಮುಂದೆ ಹೇಳುವವರು ಕಡಿಮೆ, ಕೇಳುವ ವೈದ್ಯರೂ ಕಡಿಮೆ.

ಹಾಲಿನ ಕಥೆ ಇನ್ನೂ ಸ್ವಲ್ಪ ತಿರುವುಳ್ಳದ್ದು. ಪ್ರೊಲ್ಯಾಕ್ಟಿನ್ ಇದ್ದಮಾತ್ರಕ್ಕೆ ಹಾಲು ಬರುವುದಿಲ್ಲ. ಮೊಲೆಯ ಗ್ರಂಥಿಗಳನ್ನು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಮೊದಲೇ ಹದ ಮಾಡಿರಬೇಕು. ಬಸುರಿಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ದಿನ ತುಂಬುವ ಹೊತ್ತಿಗೆ 200ರ ಆಸುಪಾಸಿಗೆ ಏರಿರುತ್ತದೆ. ಆದರೂ ಹಾಲು ಹರಿಯುವುದಿಲ್ಲ, ಏಕೆಂದರೆ ಆಗ ಮಿತಿಮೀರಿ ಇರುವ ಪ್ರೊಜೆಸ್ಟರೋನ್ ಅದನ್ನು ತಡೆಹಿಡಿದಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಆ ಹಾರ್ಮೋನು ಕುಸಿಯುತ್ತದೆ, ಎರಡು ಮೂರು ದಿನಕ್ಕೆ ಹಾಲು ಕಟ್ಟುತ್ತದೆ. ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. ಒಮ್ಮೆ ಹೆತ್ತು ಹಾಲೂಡಿಸಿದ ಹೆಂಗಸಿನಲ್ಲಿ ಪ್ರೊಲ್ಯಾಕ್ಟಿನ್ ಏರಿದರೆ ಹಾಲು ಕಾಣುವುದು ಸುಲಭ. ಬಹುಕಾಲ ಈಸ್ಟ್ರೋಜನ್ ಕುಸಿದವರಲ್ಲಿ, ಮುಟ್ಟು ನಿಂತ ವಯಸ್ಸಿನವರಲ್ಲಿ, ಗಂಡಸರಲ್ಲಿ ಪ್ರೊಲ್ಯಾಕ್ಟಿನ್ ಎಷ್ಟೇ ಇದ್ದರೂ ಹಾಲು ಕಾಣದಿರಬಹುದು. ಹಾಲಿಲ್ಲವೆಂದು ಪ್ರೊಲ್ಯಾಕ್ಟಿನ್ ಸರಿಯಿದೆ ಎನ್ನುವಂತಿಲ್ಲ.

ತದ್ವಿರುದ್ಧವೂ ನಿಜ. ಹಾಲು ಬಿಡಿಸಿ ಕೆಲವು ತಿಂಗಳು, ಕೆಲವರಿಗೆ ವರ್ಷದ ಮೇಲೂ, ಒತ್ತಿದರೆ ಒಂದೆರಡು ಹನಿ ಬರುವುದು ರೋಗವಲ್ಲ. ಮುಟ್ಟು ಸರಿಯಿದ್ದು ಪ್ರೊಲ್ಯಾಕ್ಟಿನ್ ಸರಿಯಿದ್ದರೆ ಚಿಂತಿಸಬೇಕಿಲ್ಲ. ‘ಇನ್ನೂ ಬರ್ತಿದೆಯಾ’ ಎಂದು ದಿನಾ ಹಿಂಡಿ ನೋಡುವ ಚಾಳಿ ಮಾತ್ರ ಬಿಡಬೇಕು, ಏಕೆಂದರೆ ಹಿಂಡುವುದೂ ಮಗು ಚೀಪಿದಂತೆಯೇ ಮಿದುಳಿಗೆ ಸುದ್ದಿ ಕಳಿಸಿ ಹಾಲನ್ನು ಉಳಿಸುತ್ತದೆ. ಇಷ್ಟು ಹೊತ್ತು ಹೇಳಿದ್ದು ಎರಡೂ ಮೊಲೆಗಳಿಂದ, ಹಲವು ರಂಧ್ರಗಳಿಂದ ಬರುವ ಬಿಳಿಯ ಹಾಲಿನ ಮಾತು. ಒಂದೇ ಮೊಲೆಯ ಒಂದೇ ರಂಧ್ರದಿಂದ, ಒತ್ತದೆ ತಾನಾಗಿ, ರಕ್ತ ಬೆರೆತಂತೆಯೋ ತಿಳಿನೀರಿನಂತೆಯೋ ಬಂದರೆ, ಇಲ್ಲವೇ ಜೊತೆಗೆ ಗಂಟು ಕೈಗೆ ತಾಗಿದರೆ ಅದಕ್ಕೂ ಪ್ರೊಲ್ಯಾಕ್ಟಿನ್ನಿಗೂ ಸಂಬಂಧವಿಲ್ಲ. ಅದು ಮೊಲೆಯದೇ ಕಾಯಿಲೆ ಇರಬಹುದು, ಬೇಗ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು.

ರಕ್ತಪರೀಕ್ಷೆಯಲ್ಲಿಯೂ ಜಾರುವ ಜಾಗಗಳಿವೆ. ನಿದ್ದೆಯಲ್ಲಿ ಪ್ರೊಲ್ಯಾಕ್ಟಿನ್ ಏರುತ್ತದೆ, ಎದ್ದ ಮೇಲೆ ಇಳಿಯುತ್ತದೆ. ಓಡಿ ಬಂದರೆ, ಹೆದರಿದರೆ, ಕೂಡಿದ ಮೇಲೆ ಏರುತ್ತದೆ. ಸೂಜಿ ಕಂಡು ಗಾಬರಿಯಾದರೂ ಏರುತ್ತದೆ. ಬೆಳಿಗ್ಗೆ ಎದ್ದು ಎರಡು ಮೂರು ಗಂಟೆಯಾದ ಮೇಲೆ, ಲ್ಯಾಬಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂತು ರಕ್ತ ಕೊಡುವುದು ಒಳ್ಳೆಯದು. ಮೂವತ್ತೈದು ನಲವತ್ತರಂಥ ಸಣ್ಣ ಏರಿಕೆ ಬಂದರೆ ಇನ್ನೊಮ್ಮೆ ನೋಡದೆ ಔಷಧ ಹಚ್ಚಬಾರದು. ಲ್ಯಾಬಿನಿಂದ ಲ್ಯಾಬಿಗೆ ಅಳತೆಯ ಮಾನವೂ ಬೇರೆ. ಒಂದು ಕಡೆ 47 ಎಂದು ಬಂದದ್ದು ಇನ್ನೊಂದು ಕಡೆ ಸುಮಾರು 1000 ಎಂದು ಬರುತ್ತದೆ. ಎರಡನೆಯದು ಅಂತರರಾಷ್ಟ್ರೀಯ ಯೂನಿಟ್ಟಿನ ಲೆಕ್ಕ, ಅದನ್ನು 21ರಿಂದ ಭಾಗಿಸಿದರೆ ಮೊದಲನೆಯದಕ್ಕೆ ಹತ್ತಿರ ಬರುತ್ತದೆ. ಸಾವಿರವೆಂದು ಕಂಡು ಎದೆ ಹೊಡೆದುಕೊಳ್ಳುವ ಮುನ್ನ ಪಕ್ಕದಲ್ಲಿ ಬರೆದ ಮಾನವನ್ನು ಓದಬೇಕು.

ಇನ್ನೊಂದು ವಿಚಿತ್ರವಿದೆ. ಕೆಲವರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಪ್ರತಿಕಾಯಗಳಿಗೆ ಅಂಟಿಕೊಂಡು ದೊಡ್ಡ ಮುದ್ದೆಯಾಗಿ ಸುತ್ತುತ್ತಿರುತ್ತದೆ. ಯಂತ್ರ ಅದನ್ನೂ ಎಣಿಸುತ್ತದೆ, ದೇಹಕ್ಕೆ ಮಾತ್ರ ಅದರಿಂದ ಏನೂ ಆಗುವುದಿಲ್ಲ. ಪ್ರೊಲ್ಯಾಕ್ಟಿನ್ 80 ಇದ್ದೂ ಮುಟ್ಟು ಗಡಿಯಾರದಂತೆ ಸರಿಯಾಗಿ ಆಗುತ್ತಿದ್ದರೆ ಇದನ್ನು ಅನುಮಾನಿಸಬೇಕು. ಆ ಮುದ್ದೆಯನ್ನು ರಾಸಾಯನಿಕವೊಂದರಿಂದ ತಳಕ್ಕಿಳಿಸಿ ಉಳಿದದ್ದನ್ನು ಅಳೆಯುವ ಪರೀಕ್ಷೆ ದೊಡ್ಡ ಲ್ಯಾಬುಗಳಲ್ಲಿ ಇದೆ, ಕೇಳಿ ಮಾಡಿಸಿಕೊಳ್ಳಬೇಕು. ಅದನ್ನು ಮಾಡದೆ ಎಷ್ಟೋ ಆರೋಗ್ಯವಂತರು ಬೇಡದ ಔಷಧ ನುಂಗುತ್ತಿದ್ದಾರೆ.

ಹುಬ್ಬಳ್ಳಿಯವಳ ವಿಷಯದಲ್ಲಿ ವೈದ್ಯೆ ಮಾಡಿದ್ದು ಬಹಳ ಸರಳ. ಬಸಿರಿಲ್ಲವೆಂದು ರಕ್ತದಲ್ಲೇ ಇನ್ನೊಮ್ಮೆ ಖಾತ್ರಿ ಮಾಡಿಕೊಂಡರು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ಬರೆದರು, ಎರಡೂ ಸರಿಯಿದ್ದವು. ತಲೆನೋವು, ಕಣ್ಣು ಮಂಜಾಗುವುದು ಇದೆಯೇ ಎಂದು ಕೇಳಿದರು, ಇರಲಿಲ್ಲ. ಕ್ಯಾಪ್ಸೂಲ್ ನಿಲ್ಲಿಸಿ, ಆಮ್ಲಕ್ಕೆ ಬೇಕಾದರೆ ಬರೀ ರಾಬೆಪ್ರಜೋಲ್ ಇರಲಿ ಎಂದು ಬರೆದುಕೊಟ್ಟರು. ಇಂಥ ಔಷಧ ಬಿಟ್ಟು ಮೂರು ದಿನಕ್ಕೇ ಪ್ರೊಲ್ಯಾಕ್ಟಿನ್ ಇಳಿದಿರಬೇಕು. ಆಕೆ ಎರಡು ವಾರ ಕಾದು ಅಳೆಸಿದರು, 16 ಬಂತು. ಹಾಲು ಒಂದು ತಿಂಗಳಲ್ಲಿ ಬತ್ತಿತು. ಆರನೆಯ ವಾರ ಮುಟ್ಟಾಯಿತು. ಎಂಆರ್‌ಐ ಬೇಕಾಗಲಿಲ್ಲ.

ಬೇಕಾಗಲಿಲ್ಲ ಎಂಬುದನ್ನು ಒತ್ತಿ ಹೇಳಲು ಕಾರಣ ಖರ್ಚೊಂದೇ ಅಲ್ಲ. ಯಾವ ತೊಂದರೆಯೂ ಇಲ್ಲದ ಜನರನ್ನು ಸಾಲಾಗಿ ಎಂಆರ್‌ಐ ಮಾಡಿದರೆ ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಅದು ಇದ್ದಲ್ಲೇ ಇದ್ದು, ಯಾರಿಗೂ ತೊಂದರೆ ಕೊಡದೆ ಹೋಗುವಂಥದ್ದು. ಗುಳಿಗೆಯಿಂದ ಪ್ರೊಲ್ಯಾಕ್ಟಿನ್ ಏರಿದವಳ ತಲೆಯಲ್ಲಿ ಅಂಥದ್ದೊಂದು ಚುಕ್ಕೆ ಕಂಡಿದ್ದರೆ ‘ಮಿದುಳಿನ ಗಡ್ಡೆ’ಯ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಔಷಧ ತಿನ್ನುತ್ತಿದ್ದಳು, ಪಕ್ಕದಲ್ಲಿ ಗ್ಯಾಸಿನ ಗುಳಿಗೆಯೂ ಮುಂದುವರಿಯುತ್ತಿತ್ತು.

ಥೈರಾಯ್ಡ್ ಪರೀಕ್ಷೆಯನ್ನು ಮೊದಲೇ ಮಾಡುವುದಕ್ಕೂ ಇಂಥದ್ದೇ ಕಾರಣವಿದೆ. ಥೈರಾಯ್ಡ್ ಕುಂದಿದಾಗ ಅದನ್ನು ಎಬ್ಬಿಸಲು ಹೈಪೋಥಲಾಮಸ್ ಟಿಆರ್‌ಎಚ್ ಎಂಬ ಹಾರ್ಮೋನನ್ನು ಜಾಸ್ತಿ ಕಳಿಸುತ್ತದೆ. ಆ ಅಪ್ಪಣೆ ಪ್ರೊಲ್ಯಾಕ್ಟಿನ್ ಜೀವಕೋಶಗಳನ್ನೂ ಕೆರಳಿಸುತ್ತದೆ. ಬಹಳ ದಿನ ಹೀಗೇ ಬಿಟ್ಟರೆ ಪಿಟ್ಯುಟರಿಯೇ ಊದಿಕೊಂಡು ಸ್ಕ್ಯಾನಿನಲ್ಲಿ ಗಡ್ಡೆಯ ಹಾಗೆ ಕಾಣುತ್ತದೆ. ದಿನಕ್ಕೊಂದು ಥೈರಾಕ್ಸಿನ್ ಗುಳಿಗೆಯಿಂದ ಕರಗುವ ಈ ಊತಕ್ಕೆ ಶಸ್ತ್ರಚಿಕಿತ್ಸೆ ಮಾಡಿಬಿಟ್ಟ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೂತ್ರಪಿಂಡ ಕೆಟ್ಟವರಲ್ಲಿ ಪ್ರೊಲ್ಯಾಕ್ಟಿನ್ ಹೊರಹೋಗದೆ ಉಳಿಯುತ್ತದೆ. ಎದೆಯ ಮೇಲೆ ಸರ್ಪಸುತ್ತು ಎದ್ದಾಗ, ಸುಟ್ಟಗಾಯವಾದಾಗ ಅಲ್ಲಿಯ ನರಗಳು ಮಗು ಚೀಪಿದಂಥ ಸುದ್ದಿಯನ್ನೇ ಮಿದುಳಿಗೆ ಒಯ್ಯುವುದುಂಟು.

ಇದ್ಯಾವುದೂ ಇಲ್ಲದಿದ್ದರೆ ಆಗ ಎಂಆರ್‌ಐ. ಆಗ ಕಾಣುವುದು ಸಾಮಾನ್ಯವಾಗಿ ಪ್ರೊಲ್ಯಾಕ್ಟಿನೋಮ, ಪ್ರೊಲ್ಯಾಕ್ಟಿನ್ ಜೀವಕೋಶಗಳೇ ಗುಂಪುಗೂಡಿ ಬೆಳೆದ ಗಡ್ಡೆ. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದುಕೊಳ್ಳಬೇಡಿ. ಇದು ಕ್ಯಾನ್ಸರ್ ಆಗಿರುವುದು ಅತ್ಯಪರೂಪ. ಹೆಂಗಸರಲ್ಲಿ ಸಿಗುವ ಹೆಚ್ಚಿನವು 10 ಮಿಲಿಮೀಟರಿಗಿಂತ ಚಿಕ್ಕವು, ಮತ್ತು ಅವು ಬೆಳೆಯುವುದು ಕಡಿಮೆ. ಮುಟ್ಟು ನಿಂತದ್ದೇ ಅವರಿಗೆ ಮುನ್ಸೂಚನೆಯಾಗುವುದರಿಂದ ಬೇಗ ವೈದ್ಯರ ಹತ್ತಿರ ಬರುತ್ತಾರೆ. ಗಂಡಸರಿಗೆ ಆ ಸೂಚನೆ ಇಲ್ಲ. ಆಸೆ ಕುಗ್ಗಿದ್ದನ್ನು ವಯಸ್ಸಿನ ಮೇಲೆ, ದಣಿವಿನ ಮೇಲೆ ಹಾಕಿ ಸುಮ್ಮನಿರುತ್ತಾರೆ; ಗಡ್ಡೆ ದೊಡ್ಡದಾಗಿ ಮೇಲಿನ ಕಣ್ಣಿನ ನರಗಳನ್ನು ಒತ್ತಿದ ಮೇಲೆ, ಎಡಬಲದ ಅಂಚಿನಲ್ಲಿ ಬರುವ ಗಾಡಿ ಕಾಣದೆ ಹೋದಾಗ ಬರುತ್ತಾರೆ.

ಅಳತೆಯೇ ಗಡ್ಡೆಯ ಗಾತ್ರವನ್ನು ಬಹುಮಟ್ಟಿಗೆ ಹೇಳುತ್ತದೆ. 200 ದಾಟಿದರೆ ದೊಡ್ಡ ಪ್ರೊಲ್ಯಾಕ್ಟಿನೋಮವನ್ನು ಶಂಕಿಸುತ್ತಾರೆ. ಗಾತ್ರಕ್ಕೂ ಅಂಕಿಗೂ ಹೊಂದಿಕೆಯಾಗದಿದ್ದರೆ ಎಚ್ಚರ ಬೇಕು. ದೊಡ್ಡ ಗಡ್ಡೆ, ಪ್ರೊಲ್ಯಾಕ್ಟಿನ್ ಮಾತ್ರ 60 ಎಂದು ಬಂದರೆ ಎರಡರಲ್ಲಿ ಒಂದು. ಅದು ಬೇರೆ ಜಾತಿಯ ಗಡ್ಡೆಯಾಗಿದ್ದು, ತೊಟ್ಟನ್ನು ಅದುಮಿ ಡೋಪಮೈನ್ ಇಳಿಯದಂತೆ ಮಾಡಿರಬಹುದು. ಇಲ್ಲವೇ ಪ್ರೊಲ್ಯಾಕ್ಟಿನ್ ಸಾವಿರಾರು ಇದ್ದು ಪರೀಕ್ಷೆಯ ಯಂತ್ರವೇ ಮುಳುಗಿಹೋಗಿ ಸುಳ್ಳು ಅಂಕಿ ಕೊಟ್ಟಿರಬಹುದು. ಅದೇ ರಕ್ತವನ್ನು ನೂರು ಪಾಲು ತೆಳ್ಳಗೆ ಮಾಡಿ ಅಳೆದರೆ ನಿಜ ಹೊರಬೀಳುತ್ತದೆ. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಎರಡನೆಯದಕ್ಕೆ ಬಹುತೇಕ ಬರೀ ಗುಳಿಗೆ ಸಾಕು. ಒಂದು ಲ್ಯಾಬ್ ಅಂಕಿಯ ಮೇಲೆ ಇಷ್ಟು ದೊಡ್ಡ ತೀರ್ಮಾನ ನಿಂತಿರುತ್ತದೆ.

ಆ ಗುಳಿಗೆ ಕ್ಯಾಬರ್ಗೋಲಿನ್. ಡೋಪಮೈನಿನ ಜಾಗದಲ್ಲಿ ಕೂತು ಡೋಪಮೈನಿನದೇ ಕೆಲಸ ಮಾಡುವಂಥದ್ದು, ಲೆವೋಸಲ್ಪಿರೈಡಿನ ನೇರ ಎದುರಾಳಿ. ವಾರಕ್ಕೆ ಒಂದು ಅಥವಾ ಎರಡು ಸಲ, ಕಾಲು ಅಥವಾ ಅರ್ಧ ಮಿಲಿಗ್ರಾಂನಿಂದ ಶುರು. ರಾತ್ರಿ ಊಟದ ಜೊತೆ ತೆಗೆದುಕೊಂಡು ಮಲಗಿದರೆ ವಾಕರಿಕೆ, ತಲೆಸುತ್ತು ಕಡಿಮೆ. ಸಣ್ಣ ಗಡ್ಡೆಯ ಹೆಂಗಸರಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಪ್ರೊಲ್ಯಾಕ್ಟಿನ್ ಸರಿಹೋಗುತ್ತದೆ, ಗಡ್ಡೆಯೂ ಕುಗ್ಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಇದು ಜೂಜು, ಅತಿ ಖರ್ಚು, ಹತೋಟಿ ಮೀರಿದ ಆಸೆಗಳ ಚಟ ಹುಟ್ಟಿಸುತ್ತದೆ, ಮನೆಯವರಿಗೆ ಇದು ಮೊದಲೇ ತಿಳಿದಿರಬೇಕು. ಎರಡು ವರ್ಷವಾದರೂ ಪ್ರೊಲ್ಯಾಕ್ಟಿನ್ ಸರಿಯಿದ್ದು ಗಡ್ಡೆ ಕಾಣದಾದರೆ ನಿಧಾನವಾಗಿ ಇಳಿಸಿ ನಿಲ್ಲಿಸಿ ನೋಡುತ್ತಾರೆ. ಮತ್ತೆ ಏರುವವರೂ ಇದ್ದಾರೆ.

ಔಷಧ ಶುರುವಾದ ಮೇಲೆ ಹಲವರು ಗಮನಿಸದ ಒಂದು ಸಂಗತಿ ಇದೆ. ನಿಂತ ಲಯ ಮರಳುವಾಗ ಮೊದಲು ಬಿಡುಗಡೆಯಾಗುವುದು ಅಂಡಾಣು, ಮುಟ್ಟು ಬರುವುದು ಅದಾದ ಎರಡು ವಾರಕ್ಕೆ. ಮುಟ್ಟು ಬಂದ ಮೇಲೆ ಜಾಗ್ರತೆ ಮಾಡಿಕೊಂಡರಾಯಿತು ಎಂದುಕೊಂಡವರು ಮುಟ್ಟೇ ಕಾಣದೆ ಬಸಿರಾಗುತ್ತಾರೆ. ಮಗು ಬೇಕಿದ್ದವರಿಗೆ ಅದು ಸಂತೋಷ. ಸಣ್ಣ ಗಡ್ಡೆಯವರು ಬಸಿರು ಖಾತ್ರಿಯಾದೊಡನೆ ವೈದ್ಯರನ್ನು ಕೇಳಿ ಗುಳಿಗೆ ನಿಲ್ಲಿಸುವುದು ರೂಢಿ. ಬಸುರಿನಲ್ಲಿ ಅಂಥ ಗಡ್ಡೆ ತೊಂದರೆ ಕೊಡುವಷ್ಟು ಬೆಳೆಯುವುದು ನೂರರಲ್ಲಿ ಐದಕ್ಕಿಂತ ಕಡಿಮೆ ಮಂದಿಗೆ. ಆ ತಿಂಗಳುಗಳಲ್ಲಿ ಪ್ರೊಲ್ಯಾಕ್ಟಿನ್ ಅಳೆಸುವುದಕ್ಕೆ ಅರ್ಥವಿಲ್ಲ, ಬಸುರಿಗೆ ಅದು ಹೇಗೂ ಏರಿಯೇ ಇರುತ್ತದೆ. ತಲೆನೋವು ಮತ್ತು ದೃಷ್ಟಿಯ ಮೇಲೆ ಕಣ್ಣಿಟ್ಟರೆ ಸಾಕು. ದೊಡ್ಡ ಗಡ್ಡೆಯವರ ಲೆಕ್ಕ ಬೇರೆ, ಅವರು ಬಸಿರಾಗುವ ಮೊದಲೇ ವೈದ್ಯರೊಂದಿಗೆ ಕೂತು ಮಾತಾಡಬೇಕು.

ಕೊನೆಗೆ ಮನೋರೋಗದ ಔಷಧಗಳು. ರಿಸ್ಪೆರಿಡೋನ್, ಅಮಿಸಲ್ಪ್ರೈಡ್, ಹ್ಯಾಲೊಪೆರಿಡಾಲ್ ಕೂಡ ಡೋಪಮೈನಿನ ಗ್ರಾಹಿಯನ್ನೇ ಮುಚ್ಚುತ್ತವೆ. ರಿಸ್ಪೆರಿಡೋನಿನಲ್ಲಿ ಪ್ರೊಲ್ಯಾಕ್ಟಿನ್ 200 ದಾಟಿದ್ದೂ ಇದೆ. ಮುಟ್ಟು ನಿಂತಿತೆಂದು, ಹಾಲು ಬಂತೆಂದು ಹೆದರಿ ಆ ಗುಳಿಗೆಯನ್ನು ತಾವೇ ಬಿಟ್ಟವರು ಕೆಲವೇ ವಾರಗಳಲ್ಲಿ ಹಳೆಯ ಕಾಯಿಲೆ ಮರುಕಳಿಸಿ ಆಸ್ಪತ್ರೆ ಸೇರುತ್ತಾರೆ. ಗ್ಯಾಸಿನ ಗುಳಿಗೆಯಂತೆ ಇದನ್ನು ನಾಳೆಯಿಂದ ಬೇಡ ಎನ್ನುವ ಹಾಗಿಲ್ಲ. ಕ್ಯಾಬರ್ಗೋಲಿನ್ ಕೊಟ್ಟು ಸರಿಮಾಡೋಣವೆಂದರೆ ಅದು ಡೋಪಮೈನಿನದೇ ಪರವಾಗಿ ನಿಂತು ಮನಸ್ಸಿನ ಕಾಯಿಲೆಯನ್ನು ಕೆರಳಿಸಬಹುದು. ಆದ್ದರಿಂದ ಅದನ್ನು ಬರೆದುಕೊಟ್ಟ ಮನೋವೈದ್ಯರ ಬಳಿಗೇ ಹೋಗಬೇಕು. ಅವರು ಪ್ರಮಾಣ ಇಳಿಸಬಹುದು, ಪ್ರೊಲ್ಯಾಕ್ಟಿನ್ ಏರಿಸದ ಇನ್ನೊಂದು ಔಷಧಕ್ಕೆ ಬದಲಿಸಬಹುದು, ಇಲ್ಲವೇ ಇರುವುದರ ಜೊತೆಗೆ ಅರಿಪಿಪ್ರಜೋಲ್ ಸೇರಿಸಬಹುದು. ಅದು ಡೋಪಮೈನಿನ ಗ್ರಾಹಿಯನ್ನು ಹಿಡಿದರೂ ಅರ್ಧಮರ್ಧ ಡೋಪಮೈನಿನಂತೆಯೇ ವರ್ತಿಸುವುದರಿಂದ ಪ್ರೊಲ್ಯಾಕ್ಟಿನ್ನನ್ನು ಇಳಿಸುತ್ತದೆ. ಬದಲಿಸಲು ಬರದ ರೋಗಿಯಲ್ಲಿ ಈಸ್ಟ್ರೋಜನ್ ಕೊಟ್ಟು ಮೂಳೆಯನ್ನಾದರೂ ಕಾಪಾಡುವ ದಾರಿ ಉಳಿದಿರುತ್ತದೆ.